ಪಾಲಿನ ಜಗಳದಲ್ಲಿ ಅಕ್ಕನಿಗೆ ಆಡಬಾರದ ಮಾತು ಆಡಿದೆ. ಕ್ಷಮೆ ಕೇಳುವುದು ಹೇಗೆ?

ವಿಜಯನಗರ ತಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ವಿಜಯನಗರದಲ್ಲಿ 30x40 ಸೈಟಿನಲ್ಲಿ ನಮ್ಮ ಮನೆ. ಅಪ್ಪ ಕೆಲಸದಲ್ಲಿದ್ದಾಗ ಸ್ವಂತ ದುಡ್ಡಿನಲ್ಲಿ ಸೈಟು ಕೊಂಡು ಕಟ್ಟಿಸಿದ್ದು. ಕೆಳಗೆ ಅಮ್ಮ, ಮಹಡಿಯಲ್ಲಿ ನಾನು, ಹೆಂಡತಿ, ಮಕ್ಕಳು. ಅಕ್ಕ ಮದುವೆಯಾಗಿ ಜೆ.ಪಿ. ನಗರದಲ್ಲಿದ್ದಾಳೆ. ಅಪ್ಪ ವಿಲ್ ಬರೆಯದೆ ತೀರಿಕೊಂಡರು.

ವರ್ಷದ ತಿಥಿ ಮುಗಿದ ಸಂಜೆ ಸೋದರಮಾವ, ‘ಎಲ್ಲರೂ ಸೇರಿದ್ದೀರಿ, ಮನೆ ವಿಷಯ ಮಾತಾಡಿಬಿಡಿ’ ಅಂದರು. ಅಕ್ಕ, ‘ಯಾರಿಗೆ ಎಷ್ಟು ಅಂತ ಕಾಗದದಲ್ಲಿ ಇರಲಿ’ ಅಂದಳು. ಅವಳು ಹೇಳಿದ್ದು ಅಷ್ಟೇ. ನನಗೆ ತಲೆ ಕೆಟ್ಟಿತು. ‘ಮದುವೆ ಮಾಡಿ ಕಳಿಸಿದ ಮೇಲೆ ನಿನಗೆ ಇಲ್ಲೇನಿದೆ? ಅಪ್ಪ ಹಾಸಿಗೆ ಹಿಡಿದಾಗ ಹಣ್ಣು ತಗೊಂಡು ನೋಡೋಕೆ ಬಂದವಳು ನೀನು. ತಿಥಿ ಊಟ ಮುಗಿಯೋದನ್ನೇ ಕಾಯ್ತಿದ್ದೆಯಾ ಪಾಲಿಗೆ?’ ಅಂದುಬಿಟ್ಟೆ. ಭಾವ ಇದ್ದರು, ಅಕ್ಕನ ಮಗಳು ಇದ್ದಳು, ಮಾವ ಇದ್ದರು. ಅಮ್ಮ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಬ್ಯಾಗು ತಗೊಂಡು ಹೊರಟಳು.

ಇದರಲ್ಲಿ ನನ್ನನ್ನು ಜಾಸ್ತಿ ಸುಡುತ್ತಿರುವುದು ಹಣ್ಣಿನ ಮಾತು. ಅಪ್ಪನಿಗೆ ವಾರಕ್ಕೆ ಮೂರು ಡಯಾಲಿಸಿಸ್ ಇತ್ತು. ಅದರಲ್ಲಿ ಎರಡಕ್ಕೆ ಕರೆದುಕೊಂಡು ಹೋಗುತ್ತಿದ್ದವಳು ಅಕ್ಕನೇ. ಅದು ನನಗೆ ಚೆನ್ನಾಗಿ ಗೊತ್ತು.

ಮಾರನೇ ದಿನ ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿದೆ: ‘ನಿನಗೆ ಬೇಜಾರಾಗಿದ್ರೆ ಸಾರಿ ಅಕ್ಕ. ಆದ್ರೆ ತಿಥಿ ದಿನ ಆ ಮಾತು ಬರಬಾರದಿತ್ತು. ಲಾಯರ್ ಹತ್ರ ಕಾಗದ ರೆಡಿ ಮಾಡಿಸ್ತೀನಿ, ಸಹಿಗೆ ಬರ್ತೀಯಲ್ವಾ?’ ನೀಲಿ ಟಿಕ್ ಬಂತು. ಉತ್ತರ ಇಲ್ಲ. ಈಗ ಫೋನೂ ಎತ್ತುತ್ತಿಲ್ಲ. ಏನೇ ಇದ್ದರೂ ಭಾವ ಮಾತಾಡುತ್ತಾರೆ.

ಗೌರಿ ಹಬ್ಬ ಹತ್ತಿರ ಇದೆ. ಬಾಗಿನದ ಜೊತೆ ಒಂದು ಒಳ್ಳೆ ಸೀರೆ ಇಟ್ಟು, ಕ್ಷಮೆ ಪತ್ರ ಇಟ್ಟು ಕೊಡಲಾ? ಹೇಗೆ ಕೇಳಿದರೆ ಸರಿ ಹೋಗುತ್ತದೆ?

ದಾಖಲೆ ದಯಾನಂದ

ನಮಸ್ಕಾರ. ಮೊದಲು ವಂಶವೃಕ್ಷ ಮಾಡಿಸಿ, ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅಪ್ಪನ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಆಮೇಲೆ ಇ-ಖಾತಾ. ಅದಾದ ಮೇಲೆ ಕಾವೇರಿ ವೆಬ್‌ಸೈಟಿನಲ್ಲಿ ಹಕ್ಕು ಬಿಡುಗಡೆ ಪತ್ರದ ವಿವರ ತುಂಬಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ದಿನ ತಗೊಳ್ಳಿ. ಅಮ್ಮ, ಅಕ್ಕ ಇಬ್ಬರೂ ಆಧಾರ್ ಹಿಡಿದು ಬಂದರೆ ಒಂದೇ ದಿನದಲ್ಲಿ ಮುಗಿಯುತ್ತದೆ.

ಕೆಂಗೇರಿ ಅಕ್ಕ

ದಯಾನಂದ ಅವರೇ, ಅವರು ಕೇಳಿದ್ದು ಅದಲ್ಲ. ಹಕ್ಕು ಬಿಡಿಸಿಕೊಳ್ಳುವುದು ಹೇಗೆ ಅಂತ ಅವರು ಕೇಳಿಲ್ಲ. ಅಕ್ಕ ಬಿಡುತ್ತೇನೆ ಅಂತಲೂ ಹೇಳಿಲ್ಲ.

ತಮ್ಮಾ, ನಾನು ನಿನ್ನ ಅಕ್ಕನ ಜಾಗದಲ್ಲಿ ನಿಂತಿದ್ದವಳು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ನನ್ನ ತಮ್ಮ ಬಾಯಿಗೆ ಬಂದ ಹಾಗೆ ಮಾತಾಡಿದ. ಆಮೇಲೆ ಮನೆಗೆ ಬಂದ, ಅತ್ತ, ಕಾಲಿಗೂ ಬಿದ್ದ. ನನ್ನ ಕರುಳು ಕರಗಿತು. ಕಾಫಿ ಕುಡಿದು ಏಳುವಾಗ ಬ್ಯಾಗಿನಿಂದ ಒಂದು ಸೀರೆ, ಒಂದು ಕವರು ತೆಗೆದ. ಕವರಿನಲ್ಲಿ ಬಿಡುಗಡೆ ಪತ್ರದ ಕರಡು ಇತ್ತು. ಅರಿಶಿನ ಕುಂಕುಮಕ್ಕೆ ಅಂತ ಒಂದು ಮೊತ್ತ ಪಡೆದು ನಾನು ಹಕ್ಕು ಬಿಟ್ಟಿದ್ದೇನೆ ಅಂತ ಬರೆದಿತ್ತು. ಆ ಕ್ಷಣದಿಂದ ಅವನ ಅಳು ಕೂಡ ನನಗೆ ಸಹಿಗಾಗಿ ಅತ್ತ ಹಾಗೆ ಕಂಡಿತು. ಅದು ನಿಜವಾದ ಅಳುವೇ ಇದ್ದೀತು. ಆದರೆ ಇವತ್ತಿಗೂ ನಾನು ಅದನ್ನು ನಂಬಲಾರೆ.

ನಿನ್ನ ಮೆಸೇಜಿನಲ್ಲೂ ಅದೇ ಆಗಿದೆ. ಸಾರಿ ಮತ್ತು ಸಹಿ ಒಂದೇ ಉಸಿರಿನಲ್ಲಿವೆ. ಅವಳು ಉತ್ತರ ಕೊಡದೇ ಇರುವುದು ಸಿಟ್ಟಿಗೇ ಅಂದುಕೊಳ್ಳಬೇಡ. ‘ಪರವಾಗಿಲ್ಲ’ ಅಂದರೆ ಸಹಿಗೂ ಒಪ್ಪಿದ ಹಾಗೆ ಆಗುತ್ತದಲ್ಲ, ಅವಳು ಏನು ಬರೆಯಬೇಕು?

ಬಾಗಿನದ ಜೊತೆ ಪತ್ರ ಬೇಡ. ಬಾಗಿನ ಪ್ರತಿ ವರ್ಷ ಹೋಗುವಂಥದ್ದು, ಅದು ತವರಿನಿಂದ ಅವಳಿಗೆ ಬರಬೇಕಾದದ್ದು. ಈ ವರ್ಷವೂ ಹಾಗೇ ಹೋಗಲಿ, ಯಾವಾಗಲೂ ಕೊಡುವಷ್ಟೇ ಕೊಡು. ದುಬಾರಿ ಸೀರೆ ಇಟ್ಟರೆ ಅವಳಿಗೆ ಬೆಲೆ ಕಟ್ಟಿದ ಹಾಗೆ ಕಾಣುತ್ತದೆ. ಹಾಗಂತ ಕೊಡದೆಯೂ ಇರಬೇಡ. ಬಾಗಿನ ನಿಂತರೆ ನೀನು ಆಡಿದ ‘ನಿನಗೆ ಇಲ್ಲೇನಿದೆ’ ಅನ್ನುವ ಮಾತು ನಿಜ ಮಾಡಿದ ಹಾಗೆ.

ಲೆಕ್ಕಾಚಾರ ಶೇಖರ್

ಭಾವನೆ ಎಲ್ಲಾ ಸರಿ. ಆದರೆ ಗುರುಗಳೇ, ಬರವಣಿಗೆಯಲ್ಲಿ ಏನೂ ಕೊಡಬೇಡಿ. ವಾಟ್ಸಾಪ್ ಮೆಸೇಜು ಕೋರ್ಟಿನಲ್ಲಿ ಸಾಕ್ಷಿ ಆಗುತ್ತದೆ. ‘ತಪ್ಪಾಯ್ತು’ ಅಂತ ಬರೆದರೆ ಕೇಸಿನಲ್ಲಿ ಒಪ್ಪಿಕೊಂಡ ಹಾಗೆ. ಇನ್ನೊಂದು, ಅಕ್ಕನ ಮದುವೆ ಯಾವಾಗ ಆಯಿತು? 1994ಕ್ಕೆ ಮುಂಚೆ ಆಗಿದ್ದರೆ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ. ಅದನ್ನು ನೋಡಿಕೊಂಡು ಆಮೇಲೆ ಕ್ಷಮೆ ಕೇಳಿ.

ವಕೀಲಮ್ಮ ಬಸವನಗುಡಿ

ಶೇಖರ್ ಅವರೇ, ನೀವು ಹೇಳಿದ ಎರಡರಲ್ಲೂ ಅರ್ಧ ನಿಜ ಇದೆ. ಆ ಅರ್ಧ ನಂಬಿಕೊಂಡು ಎಷ್ಟೋ ಮನೆಗಳು ಕೋರ್ಟಿನ ತನಕ ಬಂದದ್ದನ್ನು ನೋಡಿದ್ದೇನೆ. ಪಾಲಿನ ದಾವೆಗಳೇ ನನ್ನ ಕೆಲಸ.

1994ರ ತಿದ್ದುಪಡಿ ಕರ್ನಾಟಕದ್ದು, ನಿಜ. ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು, ಅದೂ ನಿಜ. ಆದರೆ ಅದು ಒಟ್ಟು ಕುಟುಂಬದ ಆಸ್ತಿಯ ಮಾತು. 2005ರಲ್ಲಿ ಕೇಂದ್ರದ ಕಾಯ್ದೆ ಬಂದು, ಮದುವೆಯಾಗಿರಲಿ ಬಿಡಲಿ, ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಅಂದಿತು. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತಲೂ ಹೇಳಿತು.

ಈ ಮನೆಗೆ ಅದು ಯಾವುದೂ ಬೇಕಾಗಿಯೂ ಇಲ್ಲ. ಇದು ತಂದೆ ಸ್ವಂತ ದುಡಿಮೆಯಲ್ಲಿ ಮಾಡಿದ್ದು, ವಿಲ್ ಇಲ್ಲ. ಹೆಂಡತಿ, ಮಗ, ಮಗಳು ಮೂವರಿಗೂ ಸಮ. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು ಭಾಗ. ಮಗಳ ಈ ಹಕ್ಕು 1956ರಿಂದಲೂ ಇದೆ. ಹಿಂದೆ ಒಂದು ತೊಡಕಿತ್ತು. ಮನೆಯವರು ವಾಸವಿರುವ ಮನೆಯಾದರೆ, ಗಂಡುಮಕ್ಕಳು ಭಾಗ ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಭಾಗ ಮಾಡಿ ಅಂತ ಕೇಳುವ ಹಾಗಿರಲಿಲ್ಲ. 2005ರಲ್ಲಿ ಅದನ್ನೂ ತೆಗೆದುಹಾಕಿದರು.

ಇನ್ನು ಸಾಕ್ಷಿಯ ಮಾತು. ವಾಟ್ಸಾಪ್ ಮೆಸೇಜನ್ನು ಬೇಕಾದ ಪ್ರಮಾಣಪತ್ರದ ಜೊತೆ ಕೋರ್ಟಿಗೆ ಹಾಜರು ಮಾಡಬಹುದು. ಆದರೆ ‘ನಿನ್ನ ಬಗ್ಗೆ ಸುಳ್ಳು ಹೇಳಿದೆ, ತಪ್ಪಾಯ್ತು’ ಅಂತ ಬರೆದರೆ ಯಾರ ಪಾಲೂ ಒಂದು ಅಂಗುಲ ಹೆಚ್ಚಾಗುವುದಿಲ್ಲ, ಕಮ್ಮಿಯಾಗುವುದಿಲ್ಲ. ಹುಷಾರಾಗಿರಬೇಕಾದ್ದು ಬೇರೆ ಕಡೆ. ಪಶ್ಚಾತ್ತಾಪದಲ್ಲಿ ‘ಮನೆಯೆಲ್ಲಾ ನೀನೇ ತಗೋ, ನನಗೇನೂ ಬೇಡ’ ಅಂತ ಬರೆಯುತ್ತಾರೆ. ಮೆಸೇಜಿನಿಂದ ಮನೆ ಕೈ ಬದಲಾಗುವುದಿಲ್ಲ, ಅದಕ್ಕೆ ನೋಂದಾಯಿಸಿದ ಪತ್ರ ಬೇಕು. ಆದರೆ ವಾರದ ನಂತರ ‘ಹಾಗಲ್ಲ ನಾನು ಹೇಳಿದ್ದು’ ಅಂದಾಗ ಜಗಳ ಮೊದಲಿಗಿಂತ ದೊಡ್ಡದಾಗುತ್ತದೆ. ಕ್ಷಮೆ ಕೇಳಿದ್ದೂ ಸುಳ್ಳಾಗುತ್ತದೆ.

ವಿಜಯನಗರ ತಮ್ಮ

ಮೇಡಂ, ಧನ್ಯವಾದ. ಹಾಗಾದರೆ ಪತ್ರದಲ್ಲಿ ಮನೆಯ ಮಾತೇ ಎತ್ತಬಾರದು, ಅಲ್ವಾ? ಅಕ್ಕನ ಹತ್ತಿರ ಬರೀ ಬೈಗುಳಕ್ಕೆ ಕ್ಷಮೆ ಕೇಳಿದರೆ ಸಾಕಾ?

ಲೆಕ್ಕಾಚಾರ ಶೇಖರ್

ಪಾಲಿನ ಲೆಕ್ಕ ನನಗೆ ತಪ್ಪಾಗಿ ಗೊತ್ತಿತ್ತು, ಸರಿ. ಆದರೂ ಪತ್ರದಲ್ಲಿ ಮನೆ ಮಾತು ಬೇಡ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಮೊದಲೇ ಒಪ್ಪಿಕೊಂಡರೆ ಆಮೇಲೆ ಚೌಕಾಸಿಗೆ ಏನು ಉಳಿಯುತ್ತದೆ?

ವಕೀಲಮ್ಮ ಬಸವನಗುಡಿ

ಇಲ್ಲೇ ಸ್ವಲ್ಪ ನಿಲ್ಲೋಣ, ಇದು ತುಂಬಾ ಜನ ಎಡವುವ ಜಾಗ.

ತಮ್ಮ ಆಡಿದ ಮಾತು ಒಂದಲ್ಲ, ಮೂರು. ‘ತಿಥಿ ಊಟ ಮುಗಿಯೋದನ್ನೇ ಕಾಯ್ತಿದ್ದೆಯಾ’ ಅನ್ನುವುದು ಅವಮಾನ. ‘ಹಣ್ಣು ತಗೊಂಡು ನೋಡೋಕೆ ಬಂದವಳು’ ಅನ್ನುವುದು ಸುಳ್ಳು, ಅದೂ ನಾಲ್ಕು ಜನರ ಮುಂದೆ. ‘ನಿನಗೆ ಇಲ್ಲೇನಿದೆ’ ಅನ್ನುವುದೂ ಸುಳ್ಳೇ, ಕಾನೂನಿನ ಪ್ರಕಾರ. ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. ಅವಮಾನಕ್ಕೆ ಕ್ಷಮೆ ಕೇಳಬೇಕು. ಸುಳ್ಳಿಗೆ ಬರೀ ಕ್ಷಮೆ ಸಾಲದು, ಅದನ್ನು ವಾಪಸ್ ತಗೊಂಡು ನಿಜ ಏನು ಅಂತ ಹೇಳಬೇಕು. ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದವಳು ನೀನು ಅಂತ, ಆ ಮಾತು ಕೇಳಿಸಿಕೊಂಡವರಿಗೆ ಗೊತ್ತಾಗಬೇಕು.

ಮೂರನೆಯದಕ್ಕೆ ‘ನಿನಗೂ ಈ ಮನೆಯಲ್ಲಿ ನನ್ನಷ್ಟೇ ಪಾಲಿದೆ’ ಅನ್ನುವ ಒಂದು ವಾಕ್ಯ ಸಾಕು. ಅದನ್ನು ಬಿಟ್ಟರೆ ಪತ್ರ ಪೊಳ್ಳಾಗುತ್ತದೆ. ಅವಳು ಅವತ್ತು ಕೇಳಿದ್ದೇ ಅದನ್ನು. ಶೇಖರ್ ಅವರೇ, ಕಾನೂನು ಹೇಗಿದ್ದರೂ ಕೊಟ್ಟಿರುವುದನ್ನು ಒಪ್ಪಿಕೊಂಡರೆ ಏನೂ ಕಳೆದುಕೊಂಡ ಹಾಗಲ್ಲ. ಆದರೆ ಯಾರು ಯಾರ ಭಾಗ ಕೊಂಡುಕೊಳ್ಳುವುದು, ಎಷ್ಟಕ್ಕೆ, ಅಮ್ಮ ಎಲ್ಲಿರುವುದು, ಮನೆ ಮಾರುವುದಾ ಇಟ್ಟುಕೊಳ್ಳುವುದಾ, ಇದು ಯಾವುದೂ ಪತ್ರದಲ್ಲಿ ಬರಬಾರದು. ಹಕ್ಕು ಇದೆ ಅನ್ನುವುದು ಸತ್ಯ, ಹೇಗೆ ಹಂಚಿಕೊಳ್ಳುವುದು ಅನ್ನುವುದು ವ್ಯವಹಾರ. ಸತ್ಯ ಪತ್ರಕ್ಕೆ ಸೇರಲಿ, ವ್ಯವಹಾರ ಇನ್ನೊಂದು ದಿನಕ್ಕೆ, ಇನ್ನೊಂದು ಜಾಗಕ್ಕೆ.

ಹಳೇಮನೆ ತಾತ

ಇಷ್ಟೆಲ್ಲಾ ಪತ್ರ ಯಾಕಪ್ಪಾ? ನಮ್ಮ ಕಾಲದಲ್ಲಿ ಹಿರಿಯರು ಕೂತು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು, ಊಟಕ್ಕೆ ಒಟ್ಟಿಗೆ ಕೂರಿಸುತ್ತಿದ್ದರು, ಮುಗಿಯಿತು. ಸೋದರಮಾವ ಇದ್ದಾರಲ್ಲ, ಅವರನ್ನೇ ಕಳಿಸು.

ವಿಜಯನಗರ ತಮ್ಮ

ತಾತ, ಮಾವನೇ ಆ ದಿನ ನನ್ನ ಕಡೆ ಮಾತಾಡಿದ್ದು. ‘ಬಿಡಮ್ಮ, ನಿನಗೇನು ಕಮ್ಮಿಯಾಗಿದೆ, ತಮ್ಮನಿಗೆ ಬಿಟ್ಟುಕೊಡು’ ಅಂದರು.

ಕೆಂಗೇರಿ ಅಕ್ಕ

ಹಾಗಾದರೆ ಮಾವ ಬೇಡವೇ ಬೇಡ. ತಾತ, ತಪ್ಪು ತಿಳಿಯಬೇಡಿ. ಹಿರಿಯರು ಇಬ್ಬರಿಗೂ ಬುದ್ಧಿ ಹೇಳುತ್ತಾರೆ ಅಂದಿರಲ್ಲ, ತೊಂದರೆ ಅಲ್ಲೇ. ಇಲ್ಲಿ ಅಕ್ಕನಿಗೆ ಯಾವ ಬುದ್ಧಿ ಹೇಳಬೇಕು? ‘ದೊಡ್ಡವಳು ನೀನು, ಹೊಟ್ಟೆಗೆ ಹಾಕಿಕೋ’ ಅಂತಾರೆ. ಹೊಟ್ಟೆಗೆ ಹಾಕಿಕೊಂಡೂ ಹಾಕಿಕೊಂಡೂ ನಮ್ಮಂಥವರು ತವರಿಗೆ ಹೋಗುವುದನ್ನೇ ನಿಲ್ಲಿಸುತ್ತೇವೆ.

ಅಮ್ಮನ ಕೈಯಲ್ಲೂ ಹೇಳಿಸಬೇಡ. ಅಮ್ಮ ಫೋನು ಮಾಡಿ ಅತ್ತರೆ ಅಕ್ಕ ಅಮ್ಮನಿಗೋಸ್ಕರ ‘ಆಯ್ತು ಬಿಡು’ ಅನ್ನುತ್ತಾಳೆ. ನಿನಗೆ ಸರಿ ಹೋಯಿತು ಅನ್ನಿಸುತ್ತದೆ. ಅವಳಿಗೆ ಏನೂ ಸರಿ ಹೋಗಿರುವುದಿಲ್ಲ.

ಹಳೇಮನೆ ತಾತ

ಮಗಳೇ, ನೀನು ಹೇಳಿದ್ದರಲ್ಲಿ ನಿಜ ಇದೆ. ಆದರೂ ಬರೀ ಕಾಗದದಲ್ಲಿ ಸಂಬಂಧ ಕೂಡುವುದಿಲ್ಲ ಅನ್ನುವುದು ನನ್ನ ಮಾತು. ಎದುರಿಗೆ ಹೋಗಿ ನಿಲ್ಲಬೇಕು.

ಮೀನಾಕ್ಷಿ, ಗಿರಿನಗರ

ನಾನು ಕುಟುಂಬಗಳ ಆಪ್ತ ಸಮಾಲೋಚನೆ ಮಾಡುವವಳು. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ತಮ್ಮ ಕೋಪ ಮಾಡಿಕೊಳ್ಳಬಾರದು. ಅಕ್ಕನ ಸಹಿ ಬೇಕಾಗಿಲ್ಲದೇ ಇದ್ದರೂ ಈ ಕ್ಷಮೆ ಕೇಳುತ್ತಿದ್ದಿರಾ?

ವಿಜಯನಗರ ತಮ್ಮ

ಯೋಚನೆ ಮಾಡಿ ಬರೆಯುತ್ತಿದ್ದೇನೆ. ಮೊದಲ ಮೆಸೇಜು ಕಳಿಸಿದಾಗ ಸಹಿಯೇ ತಲೆಯಲ್ಲಿತ್ತು. ಮಹಡಿ ಮೇಲೆ ಇನ್ನೊಂದು ರೂಮು ಕಟ್ಟಲು ಸಾಲ ತೆಗೆಯಬೇಕಿತ್ತು, ಬ್ಯಾಂಕಿನವರು ಎಲ್ಲಾ ವಾರಸುದಾರರ ಕಾಗದ ಕೇಳಿದ್ದರು. ಈಗ ಸಾಲದ ಅರ್ಜಿ ನಿಲ್ಲಿಸಿದ್ದೇನೆ. ಅಕ್ಕ ಫೋನು ಎತ್ತದೆ ಇರುವುದು ಅದಕ್ಕಿಂತ ಜಾಸ್ತಿ ಕಾಡುತ್ತಿದೆ.

ಇನ್ನೊಂದು ವಿಷಯ ಇದೆ. ನನ್ನ ಹೆಂಡತಿ ಕೇಳುತ್ತಾಳೆ, ‘ದಿನಾ ಮಾವನಿಗೆ ಊಟ ಕೊಟ್ಟು, ಹಾಸಿಗೆ ಬದಲಿಸಿ, ರಾತ್ರಿ ಎದ್ದಿದ್ದು ನಾವು. ಅದಕ್ಕೆ ಬೆಲೆಯೇ ಇಲ್ವಾ?’ ಅವಳು ಹೇಳುವುದು ಸುಳ್ಳಲ್ಲ. ಅದನ್ನೂ ಪತ್ರದಲ್ಲಿ ಬರೆಯಲಾ?

ಮೀನಾಕ್ಷಿ, ಗಿರಿನಗರ

ಸಾಲದ ಅರ್ಜಿ ನಿಲ್ಲಿಸಿದ್ದು ಒಳ್ಳೆಯದು. ಅದನ್ನು ಪತ್ರದಲ್ಲಿ ಹೇಳಿ. ‘ಈ ಪತ್ರದ ಹಿಂದೆ ಯಾವ ಸಹಿಯೂ ಇಲ್ಲ’ ಅಂತ ಬರೆದರೆ ಅದು ನಿಜವಾಗಿರುತ್ತದೆ.

ಹೆಂಡತಿಯ ಮಾತು ನ್ಯಾಯವಾದದ್ದು. ಆದರೆ ಆ ಪತ್ರದಲ್ಲಿ ಅದಕ್ಕೆ ಜಾಗ ಇಲ್ಲ. ‘ನಾವೂ ನೋಡಿಕೊಂಡೆವು’ ಅಂತ ಒಂದು ವಾಕ್ಯ ಬಂದರೂ ಅಕ್ಕ ಅದನ್ನೇ ಓದುತ್ತಾಳೆ, ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ. ಹಂಚಿಕೆಯ ಮಾತು ಬಂದಾಗ ನಿಮ್ಮ ಹೆಂಡತಿ ಅದನ್ನು ತಾವೇ ಹೇಳಲಿ.

ಇದರ ಮೇಲೆ ಅಧ್ಯಯನಗಳೂ ಆಗಿವೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ್ದು ನನಗೆ ಕೆಲಸದಲ್ಲಿ ತುಂಬಾ ಉಪಯೋಗವಾಗಿದೆ. ಕ್ಷಮೆಯ ಮಾತಿನಲ್ಲಿ ಯಾವ ಭಾಗ ಜನರಿಗೆ ಹೆಚ್ಚು ತಟ್ಟುತ್ತದೆ ಅಂತ ನೋಡಿದರು. ‘ತಪ್ಪು ನನ್ನದು’ ಅಂತ ಹೊಣೆ ಹೊರುವುದು ಎಲ್ಲಕ್ಕಿಂತ ಮುಖ್ಯ ಅಂತ ಬಂತು. ಆದ ಹಾನಿಯನ್ನು ಸರಿ ಮಾಡುತ್ತೇನೆ ಅನ್ನುವುದು ಅದರ ನಂತರ. ‘ನನ್ನನ್ನು ಕ್ಷಮಿಸು’ ಅಂತ ಬೇಡುವುದು ಎಲ್ಲಕ್ಕಿಂತ ಕೊನೆ. ಅವರು ನೋಡಿದ್ದು ಬಹುಪಾಲು ಕೆಲಸದ ಜಾಗದ ಸನ್ನಿವೇಶ, ಅಕ್ಕ ತಮ್ಮಂದಿರದ್ದಲ್ಲ. ಆದರೂ ನನ್ನ ಬಳಿ ಬರುವ ಮನೆಗಳಲ್ಲಿ ನಾನು ಕಂಡದ್ದು ಅದಕ್ಕೆ ಹತ್ತಿರವಾಗಿಯೇ ಇದೆ.

ವಿಜಯನಗರ ತಮ್ಮ

ಬರೆದಿದ್ದೇನೆ. ನೋಡಿ ಹೇಳಿ:

‘ಅಕ್ಕಾ, ಆ ದಿನ ಸಿಟ್ಟಿನಲ್ಲಿ ಏನೇನೋ ಅಂದುಬಿಟ್ಟೆ. ನನ್ನ ಮನಸ್ಸಿನಲ್ಲಿ ಹಾಗೆ ಇರಲಿಲ್ಲ. ಅಪ್ಪ ಹೋದಮೇಲೆ ನಾನೂ ತುಂಬಾ ಒತ್ತಡದಲ್ಲಿದ್ದೆ, ನಿದ್ದೆ ಇರಲಿಲ್ಲ. ನಿನಗೆ ಎಷ್ಟು ನೋವಾಗಿದೆ ಅಂತ ನನಗೆ ಗೊತ್ತು. ನೀನು ದೊಡ್ಡವಳು, ತಮ್ಮ ಅಂತ ಕ್ಷಮಿಸಿಬಿಡು. ನಾವು ಮೊದಲಿನ ಹಾಗೆ ಇರೋಣ. ಹಬ್ಬಕ್ಕೆ ಬಾ.’

ಕೆಂಗೇರಿ ಅಕ್ಕ

ಪ್ರೀತಿಯಿಂದ ಬರೆದಿದ್ದೀಯ. ಆದರೆ ಹೇಳಲೇಬೇಕಾದ್ದು ಇದೆ.

‘ಏನೇನೋ’ ಅಂದೆಯಲ್ಲ, ಅವಳಿಗೆ ಅದು ಏನೇನೋ ಅಲ್ಲ. ಒಂದೊಂದು ಅಕ್ಷರವೂ ನೆನಪಿದೆ. ನೀನು ಅದನ್ನು ಹೆಸರಿಟ್ಟು ಹೇಳದೆ ಇದ್ದರೆ, ಇವನಿಗೆ ಏನಂದೆ ಅಂತ ಗೊತ್ತೇ ಇಲ್ಲ ಅಂದುಕೊಳ್ಳುತ್ತಾಳೆ. ಒತ್ತಡ, ನಿದ್ದೆ, ಅದೆಲ್ಲಾ ನಿಜವೇ ಇರಬಹುದು. ಅವಳಿಗೂ ಅಪ್ಪ ಹೋಗಿದ್ದರು ಅಲ್ವಾ? ‘ಎಷ್ಟು ನೋವಾಗಿದೆ ಅಂತ ಗೊತ್ತು’ ಅಂತಲೂ ಬೇಡ, ನಿನಗೆ ಗೊತ್ತಿಲ್ಲ.

‘ದೊಡ್ಡವಳು, ಕ್ಷಮಿಸಿಬಿಡು’ ಅಂದರೆ ಉತ್ತರದ ಭಾರ ಅವಳ ತಲೆ ಮೇಲೆ ಬಂತು. ಕ್ಷಮಿಸದಿದ್ದರೆ ಅವಳು ಕೆಟ್ಟವಳು. ‘ಹಬ್ಬಕ್ಕೆ ಬಾ’ ಅನ್ನುವುದೂ ಹಾಗೇ, ಬರದಿದ್ದರೆ ಬೀದಿಯಲ್ಲೆಲ್ಲಾ ಸುದ್ದಿ.

ವಕೀಲಮ್ಮ ಬಸವನಗುಡಿ

ನನ್ನದೂ ಒಂದು ಮಾತು. ‘ನನ್ನ ಮನಸ್ಸಿನಲ್ಲಿ ಹಾಗೆ ಇರಲಿಲ್ಲ’ ಅನ್ನುವುದನ್ನು ತೆಗೆಯಿರಿ. ಮನಸ್ಸಿನಲ್ಲಿ ಸ್ವಲ್ಪವಾದರೂ ಇಲ್ಲದಿದ್ದರೆ ಬಾಯಿಗೆ ಬರುವುದಿಲ್ಲ ಅಂತ ಅಕ್ಕನಿಗೂ ಗೊತ್ತು. ‘ಮದುವೆಯಾದವಳಿಗೆ ಪಾಲಿಲ್ಲ ಅಂತ ನಾನು ನಂಬಿದ್ದೆ, ಅದು ತಪ್ಪು’ ಅಂದರೆ ನಂಬುತ್ತಾಳೆ.

ವಿಜಯನಗರ ತಮ್ಮ

ಎರಡನೇ ಸಲ ಬರೆದದ್ದು:

‘ಅಕ್ಕಾ, ತಿಥಿಯ ದಿನ ಭಾವ, ಮಗಳು, ಮಾವ, ಅಮ್ಮನ ಮುಂದೆ ನೀನು ಅಪ್ಪನನ್ನು ಹಣ್ಣು ತಗೊಂಡು ನೋಡೋಕೆ ಬಂದವಳು ಅಂದೆ. ಅದು ಸುಳ್ಳು. ಡಯಾಲಿಸಿಸ್‌ಗೆ ವಾರದಲ್ಲಿ ಎರಡು ದಿನ ಅಪ್ಪನನ್ನು ಕರೆದುಕೊಂಡು ಹೋದವಳು ನೀನು. ನನಗೆ ಗೊತ್ತಿದ್ದೂ ಹಾಗೆ ಅಂದೆ. ಊಟ ಮುಗಿಯೋದನ್ನೇ ಪಾಲಿಗಾಗಿ ಕಾಯ್ತಿದ್ದೆ ಅಂದೆ. ಮಾತು ತೆಗೆದದ್ದು ಮಾವ, ನೀನಲ್ಲ. ಮದುವೆಯಾದ ಮೇಲೆ ನಿನಗೆ ಇಲ್ಲೇನಿದೆ ಅಂದೆ. ಈ ಮನೆಯಲ್ಲಿ ನಿನಗೆ ನನ್ನಷ್ಟೇ ಪಾಲಿದೆ. ಮೂರೂ ತಪ್ಪು ನನ್ನದು. ಮಾರನೇ ದಿನ ಕಳಿಸಿದ ಮೆಸೇಜೂ ತಪ್ಪು.

ಭಾವ, ಮಗಳು ಮತ್ತು ಮಾವನಿಗೆ ನಾನೇ ಇದನ್ನು ಹೇಳುತ್ತೇನೆ, ನಿನಗೆ ಅಭ್ಯಂತರ ಇಲ್ಲದಿದ್ದರೆ. ಸಾಲದ ಅರ್ಜಿ ನಿಲ್ಲಿಸಿದ್ದೇನೆ, ಯಾವ ಕಾಗದವೂ ಸಹಿಗೆ ಬರುವುದಿಲ್ಲ. ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ.’

ಹಳೇಮನೆ ತಾತ

ಇದು ಸರಿಯಾಗಿದೆ. ಕೈಯಲ್ಲಿ ಬರೆದು ಕೊಡಪ್ಪಾ, ಫೋನಿನಲ್ಲಿ ಬೇಡ.

ಲೆಕ್ಕಾಚಾರ ಶೇಖರ್

‘ನನ್ನಷ್ಟೇ ಪಾಲಿದೆ’ ಅನ್ನುವುದರ ಬಗ್ಗೆ ನನಗೆ ಇನ್ನೂ ಅಳುಕಿದೆ. ನಾಳೆ ತಮ್ಮನ ಹೆಂಡತಿಯ ಸೇವೆಗೆ ಏನಾದರೂ ಹೆಚ್ಚು ಕೇಳಬೇಕು ಅಂದರೆ ಇದೇ ಕಾಗದ ಎದುರು ಬರುತ್ತದೆ.

ವಕೀಲಮ್ಮ ಬಸವನಗುಡಿ

ಬರಬಹುದು. ಆದರೆ ಸೇವೆ ಮಾಡಿದ್ದಕ್ಕೆ ಕಾನೂನಿನಲ್ಲಿ ಹೆಚ್ಚಿನ ಪಾಲು ಮೊದಲಿನಿಂದಲೂ ಇಲ್ಲ, ಈ ಕಾಗದ ಇಲ್ಲದಿದ್ದರೂ ಇಲ್ಲ. ಅದು ಅಕ್ಕ, ಅಮ್ಮ ಒಪ್ಪಿ ಕೊಟ್ಟರೆ ಮಾತ್ರ ಸಿಗುವಂಥದ್ದು. ಒಪ್ಪಬೇಕಾದವರ ಜೊತೆ ಮಾತೇ ಬಿಟ್ಟಿದ್ದರೆ ಎಲ್ಲಿಂದ ಸಿಗುತ್ತದೆ?

ಮೀನಾಕ್ಷಿ, ಗಿರಿನಗರ

ಮಗಳಿಗೆ ಹೇಳುವ ವಿಷಯದಲ್ಲಿ ಅಕ್ಕನನ್ನು ಕೇಳಿಯೇ ಹೇಳಿ, ಹಾಗೆ ಬರೆದದ್ದು ಒಳ್ಳೆಯದಾಯಿತು. ಕೆಲವರಿಗೆ ಎಲ್ಲರ ಮುಂದೆ ಕ್ಷಮೆ ಬೇಕು, ಕೆಲವರಿಗೆ ಮತ್ತೆ ಆ ಮಾತು ಎತ್ತಿದರೇ ಹಿಂಸೆ. ಭಾವನಿಗೂ ಪ್ರತ್ಯೇಕವಾಗಿ ಹೇಳಬೇಕು. ಅವರ ಹೆಂಡತಿಯನ್ನು ಅವರ ಎದುರೇ ಅಂದಿದ್ದೀರಿ, ಅವರೂ ಅದನ್ನು ನುಂಗಿಕೊಂಡಿದ್ದಾರೆ.

ಕೆಂಗೇರಿ ಅಕ್ಕ

ಇದರಲ್ಲಿ ಮೀನಾಕ್ಷಿ ಅವರಿಗಿಂತ ನನ್ನ ಅಭಿಪ್ರಾಯ ಬೇರೆ. ಮಗಳಿಗಂತೂ ಹೇಳಲೇಬೇಕು. ಆ ಹುಡುಗಿ ತನ್ನಮ್ಮ ತಾತನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದನ್ನು ನೋಡಿದವಳು. ನೀನು ಹಾಗೆ ಅಂದಾಗ ಯಾರೂ ‘ಅಲ್ಲ’ ಅನ್ನಲಿಲ್ಲ ಅನ್ನುವುದನ್ನೂ ನೋಡಿದ್ದಾಳೆ. ಅಕ್ಕ ಬೇಡ ಅಂದರೂ ಅವಳಿಗೆ ಒಂದು ಮಾತು ಬೇಕು.

ಮೀನಾಕ್ಷಿ, ಗಿರಿನಗರ

ನಿಮ್ಮ ಮಾತಿನ ತೂಕ ಗೊತ್ತಾಗುತ್ತದೆ. ಆದರೂ ತಾಯಿ ಬೇಡ ಅಂದಮೇಲೆ ಮಗಳ ಹತ್ತಿರ ಹೋಗುವುದಕ್ಕೆ ನಾನು ಹೂಂ ಅನ್ನಲಾರೆ.

ವಿಜಯನಗರ ತಮ್ಮ

ಆಮೇಲೆ ಆದದ್ದು ಹೇಳುತ್ತೇನೆ. ಪತ್ರ ಕೈಯಲ್ಲಿ ಬರೆದೆ. ಜೆ.ಪಿ. ನಗರಕ್ಕೆ ನಾನೇ ಹೋದೆ. ಅಕ್ಕ ಕೆಲಸಕ್ಕೆ ಹೋಗಿದ್ದಳು, ಭಾವ ಬಾಗಿಲು ತೆಗೆದರು. ಅವರ ಹತ್ತಿರ ನಿಂತೇ ಹೇಳಿದೆ, ‘ಭಾವ, ನಿಮ್ಮೆದುರು ಅಕ್ಕನ ಬಗ್ಗೆ ಸುಳ್ಳು ಹೇಳಿದೆ, ತಪ್ಪು ನನ್ನದು’ ಅಂತ. ಪತ್ರ ಕೊಟ್ಟೆ. ಅವರು ಕೂತುಕೋ ಅನ್ನಲಿಲ್ಲ. ‘ಕೊಡ್ತೀನಿ’ ಅಂದರು, ಅಷ್ಟೇ.

ಬಾಗಿನ ಬೇರೆ ದಿನ ಅಮ್ಮನ ಜೊತೆ ಹೋಯಿತು, ಎಂದಿನ ಹಾಗೇ. ಅಕ್ಕ ತಗೊಂಡಳು ಅಂತ ಅಮ್ಮ ಹೇಳಿದರು. ಅದರ ಮರುದಿನ ನನಗೆ ಮೆಸೇಜು ಬಂತು: ‘ಪತ್ರ ಓದಿದೆ. ಮಾವನಿಗೆ ಹೇಳು. ಮಗಳಿಗೆ ಈಗ ಬೇಡ. ಮನೆ ವಿಷಯ ಮನೆಯಲ್ಲಿ ಕೂತು ಮಾತಾಡೋದು ನನಗೆ ಆಗಲ್ಲ.’

ಮಾವನಿಗೆ ಹೇಳಿದೆ. ಅವರು ನನ್ನ ಮೇಲೇ ಮುನಿಸಿಕೊಂಡಿದ್ದಾರೆ. ಪರವಾಗಿಲ್ಲ. ಆದರೆ ಅಕ್ಕನ ಕೊನೆಯ ಸಾಲಿಗೆ ಏನರ್ಥ? ಕೋರ್ಟಿಗೆ ಹೋಗುತ್ತಾಳಾ?

ಕೆಂಗೇರಿ ಅಕ್ಕ

ಅವಳು ‘ಪರವಾಗಿಲ್ಲ ಬಿಡು’ ಅನ್ನಲಿಲ್ಲ, ಅದೇ ಒಳ್ಳೆಯ ಗುರುತು. ಅದು ಬಾಯಿ ಮುಚ್ಚಿಸುವ ಮಾತು. ಅವಳು ಹೂಂ ಅಂದದ್ದೂ ಇದೆ, ಬೇಡ ಅಂದದ್ದೂ ಇದೆ. ಅಂದರೆ ಒಂದೊಂದು ಸಾಲೂ ಓದಿದ್ದಾಳೆ. ಭಾವನ ಕೈಯಲ್ಲಿ ಹೇಳಿಸದೆ ತಾನೇ ಬರೆದಿದ್ದಾಳೆ.

ವಕೀಲಮ್ಮ ಬಸವನಗುಡಿ

ಕೊನೆಯ ಸಾಲನ್ನು ಅದು ಇರುವ ಹಾಗೇ ಓದಿ. ಆ ಹಾಲಿನಲ್ಲಿ, ಆ ಜನರ ಮಧ್ಯೆ ಕೂರಲಾರೆ ಅನ್ನುತ್ತಿದ್ದಾಳೆ. ಹಂಚಿಕೆ ಬೇಡ ಅನ್ನುತ್ತಿಲ್ಲ, ಕೇಸು ಹಾಕುತ್ತೇನೆ ಅಂತಲೂ ಅಂದಿಲ್ಲ. ‘ಎಲ್ಲಿ, ಯಾರ ಜೊತೆ, ಯಾವಾಗ ಅಂತ ನೀನೇ ಹೇಳು’ ಅಂತ ಒಂದು ಸಾಲು ಬರೆದು ಸುಮ್ಮನಿರಿ.

ಇಬ್ಬರಿಗೂ ಒಪ್ಪಿಗೆ ಇರುವ, ಯಾರ ಕಡೆಯೂ ಅಲ್ಲದ ಮಧ್ಯಸ್ಥರೊಬ್ಬರ ಮುಂದೆ ಕೂರಬಹುದು. ದಾವೆ ಹೂಡಿದ ಮೇಲೂ ಆ ದಾರಿ ಮುಚ್ಚುವುದಿಲ್ಲ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮೀಡಿಯೇಷನ್ ಸೆಂಟರಿಗೆ ಕೋರ್ಟೇ ಇಂಥ ದಾವೆಗಳನ್ನು ಕಳಿಸುತ್ತದೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೇಸಿನಲ್ಲಿ ಎದುರಿಗೆ ಹಿಡಿಯುವಂತಿಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಗುಟ್ಟಾಗಿ ಇಡಬೇಕಾದ್ದು ಏನೇನು ಅಂತ ಹೇಳುವಾಗ ಕ್ಷಮೆ ಕೇಳಿದ್ದನ್ನೂ ಹೆಸರಿಸಿ ಸೇರಿಸಿದ್ದಾರೆ.

ಒಂದು ಕೆಲಸ ಮಾತ್ರ ಈಗಲೇ ಮಾಡಿ. ಅಮ್ಮನದೂ ಮೂರರಲ್ಲಿ ಒಂದು ಭಾಗ. ಇಷ್ಟು ಹೊತ್ತೂ ಅವರಿಗೆ ಏನು ಬೇಕು ಅಂತ ಯಾರೂ ಕೇಳಿಲ್ಲ. ನಿಮ್ಮ ಕಡೆಗೆ ಅಥವಾ ಅಕ್ಕನ ಕಡೆಗೆ ಅವರು ಬರೆದುಕೊಡಲಿ ಅಂತ ಯಾರೂ ಒತ್ತಬೇಡಿ. ಅಕ್ಕನಿಗೆ ಗೊತ್ತಿಲ್ಲದೆ ಅಮ್ಮನಿಂದ ಒಂದು ದಾನಪತ್ರ ಬರೆಸಿಕೊಂಡರೆ ಈ ಪತ್ರ ಹರಿದು ಹಾಕಿದ ಹಾಗೆ.

ವಿಜಯನಗರ ತಮ್ಮ

ಅಕ್ಕನಿಗೆ ಆ ಸಾಲು ಕಳಿಸಿದ್ದೇನೆ. ಅಮ್ಮನನ್ನು ಕೇಳಿದೆ. ‘ನೀವಿಬ್ಬರೂ ಒಟ್ಟಿಗೆ ಬಂದು ಕೇಳಿದ ದಿನ ಹೇಳ್ತೀನಿ’ ಅಂದರು.